ಒಪ್ಪಿದ ಕೊಟೇಶನ್ ಮೇಲೆ ರಿಯಾಯಿತಿ ಕೇಳಿದಾಗ ನಾನು ಬರೆದ ಉತ್ತರ

ನಾನು ಶಿರಸಿಯಲ್ಲಿ ಡಿಸೈನ್ ಕೆಲಸ ಮಾಡುತ್ತೇನೆ. ಗೋಕರ್ಣದ ಹತ್ತಿರದ ಹೋಂಸ್ಟೇ ಒಂದಕ್ಕೆ ಲೋಗೋ 9,000, ಬೋರ್ಡ್ 4,000, ಎಂಟು ಪುಟದ ಬ್ರೋಶರ್ 11,000, ಒಟ್ಟು 24,000 ರೂಪಾಯಿ ಎಂದು ಮೇಲ್‌ನಲ್ಲೇ ಒಪ್ಪಿಗೆಯಾಗಿತ್ತು. ಕೆಲಸ ಶುರುವಾಗುವ ಹೊತ್ತಿಗೆ "18,000ಕ್ಕೆ ಮಾಡಿಕೊಡಿ" ಎಂಬ ಮೇಲ್ ಬಂತು.

ಇಂಥ ಕಡೆ ಹಿಂದೆ ನಾನು ಎಷ್ಟು ಗಂಟೆ ಕೂರಬೇಕು ಅಂತ ವಿವರಿಸುತ್ತಿದ್ದೆ. ಆಗ ಗಂಟೆಗಳ ಮೇಲೇ ಚೌಕಾಸಿ ಶುರುವಾಗುತ್ತಿತ್ತು. ಕೇಳಿದ್ದರಲ್ಲಿ ಅರ್ಧ ಇಳಿಸಿದರೆ ಮುಂದಿನ ಬಿಲ್‌ಗೂ ಅದೇ ಮಾತು. ಫೋನಿನಲ್ಲಿ ಮಾತಾಡಿದ್ದಕ್ಕೆ ದಾಖಲೆಯೇ ಇರುವುದಿಲ್ಲ.

ಈ ಸಲ ದರ ಮುಟ್ಟಲಿಲ್ಲ, ಕೆಲಸ ಕಡಿಮೆ ಮಾಡಿದೆ. ಒಪ್ಪಿಗೆ ಕೊಟ್ಟ ಅದೇ ಮೇಲ್‌ಗೆ ರಿಪ್ಲೈ ಮಾಡಿದೆ, ಹಳೆಯ ಪಟ್ಟಿ ಕೆಳಗೆ ಕಾಣಲಿ ಅಂತ.

"ನಮಸ್ಕಾರ ಸರ್. ಬಜೆಟ್ ಹೇಳಿದ್ದು ಒಳ್ಳೆಯದಾಯಿತು. ಕೆಳಗಿನ ಪಟ್ಟಿಗೆ ದರ 24,000, ಅದು ಹಾಗೇ ಇರುತ್ತದೆ. ಖರ್ಚು ಇಳಿಸಬೇಕಿದ್ದರೆ ಬ್ರೋಶರ್ ನಾಲ್ಕು ಪುಟ ಮಾಡೋಣ. ಆಗ ಅದಕ್ಕೆ 5,500, ಒಟ್ಟು 18,500. ಯಾವುದು ಬೇಕು ಅಂತ ಶುಕ್ರವಾರದೊಳಗೆ ಬರೆಯಿರಿ. ಅರ್ಧ ಮುಂಗಡ ಬಂದ ದಿನ ಶುರು ಮಾಡುತ್ತೇನೆ."

ಕ್ರಮ ಮುಖ್ಯ. ಮೊದಲು ಹಳೇ ಮೊತ್ತ, ಆಮೇಲೆ ಬಿಡುವ ಕೆಲಸ, ಕೊನೆಗೆ ಹೊಸ ಮೊತ್ತ. ಹೊಸ ಮೊತ್ತ ಮೊದಲೇ ಬಂದರೆ ಅದನ್ನೇ ರಿಯಾಯಿತಿ ಅಂದುಕೊಳ್ಳುತ್ತಾರೆ. "ಕ್ಷಮಿಸಿ" ಅಂತಲೂ ಬರೆಯಬಾರದು, ಅದು ದರ ಇನ್ನೂ ಇಳಿಯುತ್ತದೆ ಅನ್ನಿಸುತ್ತದೆ. ಬಿಡುವ ಭಾಗ ಆಮೇಲೆ ಬೇರೆಯಾಗಿ ಸೇರಿಸಬಹುದಾದದ್ದೇ ಆಗಿರಬೇಕು. ಲೋಗೋ ಬಿಟ್ಟರೆ ಬೋರ್ಡೂ ನಿಲ್ಲುತ್ತದೆ, ಅಲ್ವಾ?

ಅವರು ನಾಲ್ಕು ಪುಟ ಆರಿಸಿ ಮುಂಗಡ 9,250 ಕಳಿಸಿದರು. ಕೆಲಸ ಅರ್ಧ ಮುಗಿದ ಮೇಲೆ ಗ್ರಾಹಕರು ರಿಯಾಯಿತಿ ಕೇಳಿದರೆ ಈ ದಾರಿ ನಡೆಯುವುದಿಲ್ಲ. ಆಗ ಮುಗಿದ ಭಾಗಕ್ಕೆ ಪೂರ್ತಿ ದರ, ಉಳಿದದ್ದರಲ್ಲಿ ಮಾತ್ರ ಕಡಿತ.