ಪ್ರಯೋಗದಲ್ಲಿ ವ್ಯತ್ಯಾಸ ಕಾಣಲಿಲ್ಲವೇ? ವರದಿ ಹೀಗೆ ಬರೆಯಿರಿ

ರಾಗಿ ಬೀಜವನ್ನು ನೀರಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ ಬಿತ್ತಿದರೆ ಇಳುವರಿ ಹೆಚ್ಚುತ್ತದಾ ಎಂದು ನೀವು ಪರೀಕ್ಷೆ ಮಾಡಿದಿರಿ ಅಂದುಕೊಳ್ಳಿ. ನೆನೆಸಿದ ಬೀಜಕ್ಕೆ ಆರು ತಾಕು, ನೆನೆಸದ್ದಕ್ಕೆ ಆರು ತಾಕು. ಎಕರೆ ಲೆಕ್ಕದಲ್ಲಿ ಸರಾಸರಿ 1,020 ಕೆ.ಜಿ. ಮತ್ತು 970 ಕೆ.ಜಿ. ಬಂತು. ಆದರೆ ಒಂದೇ ಬಗೆಯ ತಾಕುಗಳ ನಡುವೆಯೇ 100 ಕೆ.ಜಿ. ಆಸುಪಾಸು ಏರುಪೇರು ಇತ್ತು. ಹಾಗಾಗಿ ಆ 50 ಕೆ.ಜಿ.ಯನ್ನು ನಂಬುವ ಹಾಗಿಲ್ಲ.

ಇಲ್ಲಿ ತುಂಬ ಜನ ‘ನೆನೆಸಿದರೆ ಪ್ರಯೋಜನವಿಲ್ಲ’ ಎಂದು ಬರೆದುಬಿಡುತ್ತಾರೆ. ಅದು ತಪ್ಪು. ಮೊದಲು ವ್ಯತ್ಯಾಸದ ಜೊತೆ ಅದರ ವ್ಯಾಪ್ತಿಯನ್ನೂ, ಅಂದರೆ ನಿಜವಾದ ವ್ಯತ್ಯಾಸ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂಬುದನ್ನೂ ಬರೆಯಿರಿ. ಶೇ 95ರ ಲೆಕ್ಕ ಹಾಕಿದರೆ ಈ ವ್ಯಾಪ್ತಿ ಎಕರೆಗೆ ಸುಮಾರು 80 ಕೆ.ಜಿ. ನಷ್ಟದಿಂದ 180 ಕೆ.ಜಿ. ಲಾಭದವರೆಗೆ ಹರಡಿದೆ.

ಆಮೇಲೆ ಆ ವ್ಯಾಪ್ತಿಯನ್ನು ರೈತರ ಕಣ್ಣಿಂದ ನೋಡಿ. ಬೀಜ ನೆನೆಸಲು ಖರ್ಚು ಬಹಳ ಕಡಿಮೆ. ಎಕರೆಗೆ 30 ಕೆ.ಜಿ. ಜಾಸ್ತಿ ಬಂದರೂ ಸಾಕು ಎನ್ನೋಣ. ನಮ್ಮ ವ್ಯಾಪ್ತಿಯೊಳಗೆ ಆ 30 ಇದೆ, ನಷ್ಟವೂ ಇದೆ. ಆದ್ದರಿಂದ ‘ಈ ಪ್ರಯೋಗದಿಂದ ತೀರ್ಮಾನಿಸಲು ಆಗಲಿಲ್ಲ’ ಎನ್ನುವುದೇ ಸರಿಯಾದ ಮಾತು. ಅದೇ ವ್ಯಾಪ್ತಿ 15 ನಷ್ಟದಿಂದ 20 ಲಾಭದವರೆಗೆ ಮಾತ್ರ ಇದ್ದಿದ್ದರೆ, ‘ಇಲ್ಲಿ ನೆನೆಸಿ ಲಾಭವಿಲ್ಲ’ ಎಂದು ಧೈರ್ಯವಾಗಿ ಹೇಳಬಹುದಿತ್ತು. ಎರಡೂ ಬೇರೆ ಬೇರೆ ಫಲಿತಾಂಶ ಅಲ್ವಾ?

ಬೆಳಕು ಸಾಗಲು ಬೇಕಾದ ಮಾಧ್ಯಮ ಎಂದು ಆಗ ನಂಬಿದ್ದ ಈಥರ್ ಹುಡುಕಲು ಹೊರಟ ವಿಜ್ಞಾನಿಗಳಾದ ಮೈಕೆಲ್ಸನ್ ಮತ್ತು ಮಾರ್ಲಿ 1887ರಲ್ಲಿ ಮಾಡಿದ್ದೂ ಇದನ್ನೇ. ಈಥರ್ ಇದ್ದಿದ್ದರೆ ಅವರ ಉಪಕರಣದಲ್ಲಿ ಕಾಣುವ ಬೆಳಕಿನ ಪಟ್ಟಿಗಳು ಒಂದು ಪಟ್ಟಿಯ ಅಗಲದ 0.4ರಷ್ಟು ಸರಿಯಬೇಕಿತ್ತು. ‘ಕಾಣಲಿಲ್ಲ’ ಎಂದು ಸುಮ್ನೆ ಬಿಡದೆ, ಸರಿದಿದ್ದರೂ ಅದು ನಿರೀಕ್ಷೆಯ 20ನೇ ಒಂದು ಭಾಗಕ್ಕಿಂತ ಕಡಿಮೆ ಎಂದು ಮಿತಿ ಹಾಕಿ ಬರೆದರು. ಆ ಮಿತಿಯಿಂದಲೇ ಅವರ ‘ಇಲ್ಲ’ಕ್ಕೆ ತೂಕ ಬಂತು.

ಇನ್ನು ಆಸೆಗೆ ಬೀಳುವ ಜಾಗ ಒಂದಿದೆ. ಇಳುವರಿ ಕೈಕೊಟ್ಟಿತೆಂದು ಪೈರಿನ ಎತ್ತರ, ತೆಂಡೆ, ತೆನೆಯ ತೂಕ ಎಲ್ಲವನ್ನೂ ಹೋಲಿಸಿದರೆ ಯಾವುದೋ ಒಂದರಲ್ಲಿ ಆಕಸ್ಮಿಕವಾಗಿ ವ್ಯತ್ಯಾಸ ಸಿಗಬಹುದು. ಅದನ್ನು ತಲೆಬರಹ ಮಾಡಬೇಡಿ. ಎಷ್ಟು ಹೋಲಿಸಿದಿರಿ ಎಂದು ತಿಳಿಸಿ, ‘ಇದು ಆಮೇಲೆ ಗಮನಿಸಿದ್ದು’ ಎಂದು ಸೇರಿಸಿ. ಬದುವಿನ ಪಕ್ಕ ನೀರು ನಿಂತ ತಾಕನ್ನು ಕೈಬಿಟ್ಟಿದ್ದರೆ, ಅದನ್ನು ಸೇರಿಸಿದ ಲೆಕ್ಕವನ್ನೂ ಕೊಡಿ.

ಕೊನೆಯ ಪ್ಯಾರಾದಲ್ಲಿ ಕ್ಷಮೆ ಕೇಳುವ ಬದಲು, ಮುಂದಿನವರಿಗೆ ಬೇಕಾದ ಸಂಖ್ಯೆ ಕೊಡಿ. ತಾಕಿನಿಂದ ತಾಕಿಗೆ 100 ಕೆ.ಜಿ. ಏರುಪೇರು ಇರುತ್ತದೆ ಎಂಬುದು ನಿಮ್ಮ ಪ್ರಯೋಗಕ್ಕೆ ಮೊದಲು ಈ ಹೊಲದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದರಿಂದಲೇ ಮುಂದಿನ ಲೆಕ್ಕ ಸಿಗುತ್ತದೆ: ಒಂದೊಂದು ಬಗೆಗೆ 24 ತಾಕು ಮಾಡಿದರೂ ಸಿಗುವ ವ್ಯತ್ಯಾಸ ಅಂದಾಜು 60 ಕೆ.ಜಿ. ಆಚೀಚೆ ಆಗುತ್ತದೆ. 30 ಕೆ.ಜಿ. ಲಾಭವನ್ನು ಹಿಡಿಯಲು ಅದೂ ಸಾಲದು. ಮುಂದಿನ ಮುಂಗಾರಿಗೆ ಜಾಗ ಹುಡುಕುವವರು ಇದನ್ನು ಓದಿಯೇ ಹೊರಡಲಿ.