ಕುಂಟುವ ನಾಯಿಗೆ ಮೀನೆಣ್ಣೆ: ಲೇಬಲ್ ಓದಿ, ಲೆಕ್ಕ ಹಾಕಿ, ಆಮೇಲೆ ಕೊಡಿ

ಮಳೆ ಹಿಡಿದರೆ ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ಮನೆಗಳಲ್ಲಿ ವಯಸ್ಸಾದ ಲ್ಯಾಬ್ರಡಾರ್‌ಗಳು ಬೆಳಗ್ಗೆ ಮೇಲೇಳಲು ಒದ್ದಾಡುತ್ತವೆ. ಮನೆಯವರು ಮೊದಲು ತರುವುದು ಗ್ಲುಕೋಸಮೈನ್ ಡಬ್ಬಿ. ಅದನ್ನು ಬಿಡಿ. ಕೀಲು ಸವೆತಕ್ಕೆ ಕೊಡುವ ಪೂರಕಗಳ ಪ್ರಯೋಗಗಳನ್ನು ಒಟ್ಟಿಗಿಟ್ಟು ತೂಗಿದ 2022ರ ವಿಮರ್ಶೆಯಲ್ಲಿ ಮೀನೆಣ್ಣೆಯಲ್ಲಿರುವ ಒಮೆಗಾ-3 ಕೊಬ್ಬಿನಿಂದ ನೋವು ಇಳಿದದ್ದು ಕಂಡಿತು. ಗ್ಲುಕೋಸಮೈನ್-ಕಾಂಡ್ರಾಯ್ಟಿನ್ ಜೋಡಿಯಿಂದ ಕಾಣಲಿಲ್ಲ.

ಮೊದಲು ಪಶುವೈದ್ಯರಿಗೆ ತೋರಿಸಿ, ಕುಂಟುವುದು ಕೀಲು ಸವೆತದಿಂದಲೇ ಎಂದು ಖಚಿತಪಡಿಸಿಕೊಳ್ಳಿ. ನಾಯಿಯನ್ನು ತೂಗಿಸಿ. ಅದು ಅಂಗಳದಲ್ಲಿ ನಡೆಯುವುದನ್ನು ಫೋನಿನಲ್ಲಿ ಚಿತ್ರೀಕರಿಸಿಟ್ಟುಕೊಳ್ಳಿ.

ಹೆಚ್ಚಿನವರು ಎಡವುವುದು ಲೆಕ್ಕದಲ್ಲಿ. ಡಬ್ಬಿಯ ಮುಂದೆ ದಪ್ಪಕ್ಷರದಲ್ಲಿರುವ ‘1000 ಮಿ.ಗ್ರಾಂ’ ಎಂಬುದು ಒಟ್ಟು ಎಣ್ಣೆಯ ತೂಕ, ಔಷಧಿಯ ಪ್ರಮಾಣವಲ್ಲ. ಕೆಲಸ ಮಾಡುವುದು ಅದರೊಳಗಿನ ಎರಡು ಒಮೆಗಾ-3 ಕೊಬ್ಬುಗಳಾದ ಇಪಿಎ ಮತ್ತು ಡಿಎಚ್‌ಎ. ಡಬ್ಬಿ ತಿರುಗಿಸಿ ಹಿಂಬದಿ ಓದಿ: ಸಾಧಾರಣ ಕ್ಯಾಪ್ಸೂಲಿನಲ್ಲಿ ಇಪಿಎ 180, ಡಿಎಚ್‌ಎ 120, ಎರಡೂ ಸೇರಿ 300 ಮಿ.ಗ್ರಾಂ ಮಾತ್ರ. ಕೀಲುನೋವಿಗೆ ದಿನಕ್ಕೆ ಕಿಲೋ ತೂಕಕ್ಕೆ ಸುಮಾರು 100 ಮಿ.ಗ್ರಾಂ ಬೇಕೆಂದಿಟ್ಟುಕೊಳ್ಳಿ. 30 ಕಿಲೋ ನಾಯಿಗೆ 3000 ಆಯಿತು, ಅಂದರೆ ಹತ್ತು ಕ್ಯಾಪ್ಸೂಲ್. ದಿನಕ್ಕೊಂದು ಹಾಕಿ ‘ಏನೂ ಆಗಲಿಲ್ಲ’ ಎನ್ನುವವರು ಕೊಟ್ಟದ್ದು ಬೇಕಾದುದರ ಹತ್ತರಲ್ಲೊಂದು ಪಾಲು. ಒಂದರಲ್ಲೇ 500 ಇರುವ ಗಾಢ ಕ್ಯಾಪ್ಸೂಲ್ ತಂದರೆ ಆರು ಸಾಕು; ಅದನ್ನೇ ತನ್ನಿ. ಇಪಿಎ, ಡಿಎಚ್‌ಎ ಬೇರೆಬೇರೆಯಾಗಿ ಬರೆಯದ ಡಬ್ಬಿಯನ್ನು ಅಂಗಡಿಯಲ್ಲೇ ವಾಪಸ್ ಇಡಿ. ಕಾಡ್ ಲಿವರ್ ಎಣ್ಣೆ ಬೇಡವೇ ಬೇಡ: ಈ ಪ್ರಮಾಣಕ್ಕೆ ಏರಿಸಿದರೆ ಅದರಲ್ಲಿರುವ ಎ ಮತ್ತು ಡಿ ವಿಟಮಿನ್ ಮೈಯಲ್ಲಿ ಶೇಖರವಾಗಿ ವಿಷವಾಗುತ್ತದೆ. ಅಗಸೆ ಎಣ್ಣೆಯೂ ಬದಲಿಯಲ್ಲ; ಅದರ ಒಮೆಗಾ-3 ನಾಯಿಯ ದೇಹದಲ್ಲಿ ಇಪಿಎ ಆಗಿ ಬದಲಾಗುವುದು ಅತ್ಯಲ್ಪ.

ಮೊದಲ ದಿನವೇ ಪೂರ್ತಿ ಕೊಟ್ಟರೆ ಭೇದಿ ಗ್ಯಾರಂಟಿ ಎಂದುಕೊಳ್ಳಿ. ಕಾಲುಭಾಗದಿಂದ ಶುರುಮಾಡಿ, ವಾರಕ್ಕೊಮ್ಮೆ ಏರಿಸಿ, ಊಟದ ಜೊತೆಗೇ ಕೊಡಿ. ಮಲ ಸಡಿಲವಾದರೆ ಹಿಂದಿನ ವಾರದ ಪ್ರಮಾಣಕ್ಕೆ ಇಳಿಯಿರಿ. ಮೇದೋಜೀರಕ ಗ್ರಂಥಿಯ ಉರಿಯೂತ ಆಗಿದ್ದ ನಾಯಿಯಾದರೆ, ಅಥವಾ ಶಸ್ತ್ರಚಿಕಿತ್ಸೆ ನಿಗದಿಯಾಗಿದ್ದರೆ, ವೈದ್ಯರನ್ನು ಕೇಳದೆ ಕೊಡಬೇಡಿ.

ಹತ್ತು ಕ್ಯಾಪ್ಸೂಲಿನಿಂದ ಸುಮಾರು 90 ಕ್ಯಾಲೊರಿ ಸೇರುತ್ತದೆ, ಅಂದರೆ ಹೆಚ್ಚುಕಡಿಮೆ 70 ಗ್ರಾಂ ಅನ್ನದಷ್ಟು. ಅಷ್ಟು ಅನ್ನ ಕಡಿಮೆ ಮಾಡಿ. ನಾಯಿ ದಪ್ಪವಾದರೆ ಎಣ್ಣೆ ಕೊಟ್ಟದ್ದೆಲ್ಲ ವ್ಯರ್ಥ. ಕುಂಟನ್ನು ತಗ್ಗಿಸುವುದರಲ್ಲಿ ತೂಕ ಇಳಿಸುವಷ್ಟು ನಂಬಬಹುದಾದ ಪೂರಕ ಯಾವುದೂ ಇಲ್ಲ.

ಎಣ್ಣೆಯನ್ನು ಒಲೆಯ ಪಕ್ಕದ ಕಪಾಟಿನಲ್ಲಿ ಇಡಬೇಡಿ, ಫ್ರಿಜ್‌ನಲ್ಲಿಡಿ. ತಿಂಗಳಿಗೊಂದು ಕ್ಯಾಪ್ಸೂಲ್ ಕತ್ತರಿಸಿ ಮೂಸಿ: ಕಮಟು ವಾಸನೆ ಬಂದರೆ ಡಬ್ಬಿ ಎಸೆಯಿರಿ.

ಪರಿಣಾಮ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ವೈದ್ಯರು ಬರೆದ ನೋವಿನ ಮಾತ್ರೆಯನ್ನು ಅಷ್ಟರಲ್ಲಿ ನೀವಾಗಿ ನಿಲ್ಲಿಸಬೇಡಿ, ಮನೆಯ ಐಬುಪ್ರೊಫೆನ್ ಅಂತೂ ಕೊಡಲೇಬೇಡಿ. ಅದು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡ ಕೆಡಿಸುತ್ತದೆ. ಹನ್ನೆರಡನೇ ವಾರ ಅದೇ ಅಂಗಳದಲ್ಲಿ ಮತ್ತೆ ಚಿತ್ರೀಕರಿಸಿ, ಎರಡನ್ನೂ ಒಟ್ಟಿಗೆ ನೋಡಿ. ನೆನಪನ್ನು ನಂಬಬೇಡಿ: ಪ್ರಯೋಗಗಳಲ್ಲಿ ಔಷಧಿಯಿಲ್ಲದ ಹುಸಿ ಮಾತ್ರೆ ಕೊಟ್ಟಾಗಲೂ ಎಷ್ಟೋ ಮಾಲೀಕರಿಗೆ ನಾಯಿ ಚೇತರಿಸಿದಂತೆ ಕಂಡಿದೆ. ಎರಡು ವಿಡಿಯೊಗಳಲ್ಲಿ ವ್ಯತ್ಯಾಸವೇ ಇಲ್ಲದಿದ್ದರೆ ಎಣ್ಣೆಯನ್ನೂ ನಿಲ್ಲಿಸಿ.