ಒಂದೇ ಫ್ಯಾಮಿಲಿ ಪ್ಲಾನ್ ಇಟ್ಕೊಂಡು ನಾಲ್ಕು ಜನರ ಫೋಟೋ ಬೇರೆ ಬೇರೆ ಮಾಡಿದ ಕಥೆ

ನಮ್ಮನೇಲಿ ನಾಲ್ಕು ಜನ. ನಾನು, ನಮ್ಮನೆಯವ್ರು, 17 ವರ್ಷದ ಮಗಳು, 11 ವರ್ಷದ ಮಗ. ಫೋಟೋ, ಮೇಲ್, ಫೈಲ್ ಇಡಕ್ಕೆ ದುಡ್ಡು ಕೊಟ್ಟು ಜಾಗ ತಗೊಳ್ಳೋ ಗೂಗಲ್ ಒನ್‌ನ 200 ಜಿಬಿ ಪ್ಲಾನ್ ತಗೊಂಡು ಎರಡು ವರ್ಷ ಆಗಿತ್ತು, ಆದ್ರೆ ನಾವು ಅದನ್ನ ಹಂಚ್ಕೊಂಡಿದ್ದ ರೀತಿನೇ ತಪ್ಪು. ನಮ್ಮನೆಯವ್ರ ಜಿಮೇಲ್ ಐಡಿನ ಎಲ್ಲಾ ಫೋನಿಗೂ ಹಾಕಿ, ಎಲ್ಲರ ಫೋಟೋ ಬ್ಯಾಕಪ್ಪೂ ಅದಕ್ಕೇ ಹೋಗೋ ಹಾಗೆ ಮಾಡಿಟ್ಟಿದ್ವಿ, ಫ್ಯಾಮಿಲಿ ಪ್ಲಾನ್ ಅಂದ್ರೆ ಇಷ್ಟೇ ಅಂದ್ಕೊಂಡು.

ಒಂದಿನ ಮಗ ಟ್ಯಾಬಲ್ಲಿ ತಾನು ಬಿಡಿಸಿದ ಚಿತ್ರದ ಫೋಟೋ ಹುಡುಕ್ತಾ ಇದ್ದ. ಅವನಿಗೆ ಸಿಕ್ಕಿದ್ದು ಅಕ್ಕ ಅವಳ ಫ್ರೆಂಡ್ ಜೊತೆ ಮಾಡಿದ್ದ ಚಾಟಿನ ಸ್ಕ್ರೀನ್‌ಶಾಟ್. ಸುಮ್ನಿರ್ತಾನಾ, ನಾಟಕದ ಡೈಲಾಗ್ ಥರ ಜೋರಾಗಿ ಓದಕ್ಕೆ ಶುರು ಮಾಡ್ದ. ಅವಳು ಟ್ಯಾಬ್ ಕಿತ್ಕೊಂಡು, "ಅಮ್ಮಾ, ಇದೆಲ್ಲಾ ಇವನಿಗೆ ಹೆಂಗೆ ಕಾಣ್ಸುತ್ತೆ? ಅಂದ್ರೆ ಅಪ್ಪಂಗೂ ಕಾಣ್ಸುತ್ತಾ?" ಅಂದ್ಲು. ಹೌದು, ಕಾಣ್ಸುತ್ತೆ. ಅಪ್ಪ ನೋಡಿರ್ಲಿಲ್ಲ ಅನ್ನೋದು ಬೇರೆ ಮಾತು. ಅವತ್ತು ರಾತ್ರಿನೇ ಅವಳು ಬ್ಯಾಕಪ್ ಆಫ್ ಮಾಡ್ಬಿಟ್ಲು, ಅಂದ್ರೆ ಫೋನ್ ಕಳೆದುಹೋದ್ರೆ ಫೋಟೋನೂ ಹೋಯ್ತು. ಆಮೇಲೆ ನಾನು ಕೂತು ಸರಿ ಮಾಡಿದ್ದು.

ಮೊದಲು ತಿಳ್ಕೊಂಡ ವಿಷ್ಯ ಏನಂದ್ರೆ, ಹಂಚ್ಕೋಬೇಕಾಗಿರೋದು ಜಾಗ, ಅಕೌಂಟ್ ಅಲ್ಲ. ಪ್ಲಾನ್ ತಗೊಂಡವ್ರು ಫ್ಯಾಮಿಲಿ ಗ್ರೂಪ್ ಮಾಡಿ ಇನ್ನೂ ಐದು ಜನರನ್ನ ಸೇರಿಸ್ಕೋಬಹುದು, ಒಟ್ಟು ಆರು. ಪ್ರತಿಯೊಬ್ಬರೂ ಅವರವರ ಅಕೌಂಟಲ್ಲೇ ಇರ್ತಾರೆ, ಅವರವರ ಫ್ರೀ 15 ಜಿಬಿ ಮೊದಲು ಖರ್ಚಾಗುತ್ತೆ, ಅದು ಮುಗಿದ್ಮೇಲೆ ಎಲ್ಲರಿಗೂ ಸೇರಿದ ಜಾಗಕ್ಕೆ ಕೈ ಹಾಕುತ್ತೆ. ಗ್ರೂಪ್ ಮ್ಯಾನೇಜರಿಗೆ ಯಾರು ಎಷ್ಟು ಜಿಬಿ ತಿಂದ್ರು ಅನ್ನೋ ಲೆಕ್ಕ ಕಾಣ್ಸುತ್ತೆ, ಒಳಗೆ ಏನಿದೆ ಅಂತ ಕಾಣ್ಸಲ್ಲ. ಅಂದ್ರೆ ಬೀಗ ಮೊದ್ಲಿಂದಾನೂ ಇತ್ತು, ನಾವೇ ಒಂದೇ ಕೀಲಿನ ನಾಲ್ಕು ಕಾಪಿ ಮಾಡಿ ಹಂಚಿದ್ವಿ.

ಗ್ರೂಪ್ ಮಾಡೋದು ಹತ್ತು ನಿಮಿಷದ ಕೆಲಸ. ನಮ್ಮನೆಯವ್ರ ಅಕೌಂಟಿಂದ ಗೂಗಲ್ ಒನ್ ಸೆಟ್ಟಿಂಗ್ಸಿಗೆ ಹೋಗಿ ಫ್ಯಾಮಿಲಿ ಜೊತೆ ಶೇರ್ ಮಾಡೋ ಸ್ವಿಚ್ ಆನ್ ಮಾಡಿ, ನನಗೂ ಮಗಳಿಗೂ ಇನ್ವೈಟ್ ಕಳ್ಸಿದ್ವಿ. ಒಂದೇ ಎಚ್ಚರಿಕೆ, ಒಬ್ರು ಒಂದು ಸಲಕ್ಕೆ ಒಂದೇ ಗ್ರೂಪಲ್ಲಿ ಇರಬಹುದು, ಗ್ರೂಪ್ ಬದಲಾಯಿಸೋದು 12 ತಿಂಗಳಿಗೆ ಒಂದೇ ಸಲ, ಹಾಗಾಗಿ ಟ್ರೈ ಮಾಡಿ ನೋಡೋಣ ಅಂತ ಯಾರದೋ ಗ್ರೂಪಿಗೆ ಸೇರ್ಕೊಂಡು ಬರಕ್ಕಾಗಲ್ಲ. ಮಗನಿಗೆ ಇನ್ನೂ 13 ಆಗಿಲ್ಲ, ಅದಕ್ಕೆ ಫ್ಯಾಮಿಲಿ ಲಿಂಕ್ ಮೂಲಕ ಅಪ್ಪ ಅಮ್ಮನ ಉಸ್ತುವಾರಿ ಇರೋ ಅಕೌಂಟ್ ಮಾಡಿಕೊಟ್ವಿ. ಅದರಲ್ಲಿ ಅವನ ಫೋಟೋ, ಮೇಲ್ ನಮ್ಮ ಫೋನಲ್ಲಿ ಕಾಣ್ಸಲ್ಲ, ಆದ್ರೆ ಅವನ ಪಾಸ್‌ವರ್ಡನ್ನ ನಾವು ರೀಸೆಟ್ ಮಾಡಬಹುದು. ಇದನ್ನ ಅವನಿಗೆ ಬಾಯಿಬಿಟ್ಟು ಹೇಳ್ದೆ, "ನಿಂದು ನಿಂದೇ, ಆದ್ರೆ ಒಂದು ಡೂಪ್ಲಿಕೇಟ್ ಕೀ ನಮ್ಮ ಹತ್ರ ಇರುತ್ತೆ ಕಣೋ" ಅಂತ. "ಅಕ್ಕನ ಕೀನೂ ಇದ್ಯಾ?" ಅಂದ. ಇಲ್ಲ ಅಂದೆ. ಅದು ಅರ್ಧ ಸುಳ್ಳು ಅಂತ ಎರಡು ದಿನ ಆದ್ಮೇಲೆ ಗೊತ್ತಾಯ್ತು, ಮುಂದೆ ಹೇಳ್ತೀನಿ.

ನಿಜವಾದ ಕೆಲಸ ಇದ್ದಿದ್ದು ಹಳೇ ಫೋಟೋ ಬಿಡಿಸೋದ್ರಲ್ಲಿ. ನಮ್ಮನೆಯವ್ರ ಅಕೌಂಟಲ್ಲಿ ಆಗ್ಲೇ 128 ಜಿಬಿ ತುಂಬಿತ್ತು, ನಾಲ್ಕು ಜನರದ್ದೂ ತಾರೀಖಿನ ಪ್ರಕಾರ ಕಲಸಿ ಹೋಗಿತ್ತು. ಯಾವುದು ಯಾರ ಫೋಟೋ ಅಂತ ಹೇಗೆ ಗೊತ್ತಾಗ್ಬೇಕು? ಕಂಪ್ಯೂಟರಲ್ಲಿ ಗೂಗಲ್ ಫೋಟೋಸ್ ತೆಗೆದು ಒಂದು ಫೋಟೋದ ವಿವರ ನೋಡಿದ್ರೆ ಯಾವ ಫೋನ್ ಮಾಡೆಲಲ್ಲಿ ತೆಗೆದಿದ್ದು ಅಂತ ಬರುತ್ತೆ, ನಮ್ಮನೇಲಿ ನಾಲ್ಕೂ ಬೇರೆ ಬೇರೆ ಮಾಡೆಲ್ ಆಗಿದ್ದು ಪುಣ್ಯ. ಆದ್ರೆ ವಾಟ್ಸಾಪಲ್ಲಿ ಬಂದ ಫೋಟೋಗಳಲ್ಲಿ ಆ ಮಾಹಿತಿ ಇರಲ್ಲ, ಸ್ಕ್ರೀನ್‌ಶಾಟಲ್ಲೂ ಇರಲ್ಲ, ಅವೆರಡನ್ನ ಕಣ್ಣಲ್ಲೇ ನೋಡಿ ಗುರುತಿಸ್ಬೇಕು. ಇಲ್ಲಿ ನಾನು ಮಾಡಿದ ಒಂದು ಒಳ್ಳೇ ಕೆಲಸ ಅಂದ್ರೆ, ಮಗಳ ಫೋಟೋನ ನಾನು ಆರಿಸಕ್ಕೆ ಹೋಗ್ಲಿಲ್ಲ. ಅಪ್ಪನ ಲಾಗಿನ್ ಇರೋ ಲ್ಯಾಪ್‌ಟಾಪನ್ನ ಅವಳ ರೂಮಿಗೆ ಕೊಟ್ಬಿಟ್ಟೆ, ನಿನ್ನದು ನೀನೇ ಆರಿಸ್ಕೋ, ನಮ್ಮದು ಕಂಡ್ರೂ ಕಣ್ಣು ಮುಚ್ಕೋ ಅಂತ. ಪ್ರೈವೆಸಿ ಕೊಡ್ತೀನಿ ಅಂತ ಹೊರಟು ಮೊದಲು ಎಲ್ಲಾ ನಾನೇ ನೋಡ್ಬಿಟ್ರೆ ಏನು ಬಂತು.

ಅವಳು ಎರಡು ಸಂಜೆ ಕೂತು ಸುಮಾರು ಒಂಬತ್ತು ಸಾವಿರ ಐಟಂ ಆರಿಸಿ ಒಂದು ಆಲ್ಬಮ್ ಮಾಡಿ (ಒಂದು ಆಲ್ಬಮಿಗೆ 20,000 ತನಕ ಹಿಡಿಯುತ್ತೆ) ಅದನ್ನ ತನ್ನ ಅಕೌಂಟಿಗೆ ಶೇರ್ ಮಾಡ್ಕೊಂಡ್ಲು. ತುಂಬಾ ಜನ ಇಲ್ಲೇ ನಿಲ್ಲಿಸ್ತಾರೆ, ಎಲ್ಲಾ ಕಾಣ್ಸ್ತಿದೆಯಲ್ಲ ಅಂತ. ಆದ್ರೆ ಶೇರ್ ಆಗಿದ್ದು ಅಂದ್ರೆ ಫೋಟೋ ಇನ್ನೂ ಅಪ್ಪನ ಅಕೌಂಟಲ್ಲೇ ಇದೆ, ಅವಳಿಗೆ ಕಿಟಕಿಯಿಂದ ಕಾಣ್ತಿದೆ ಅಷ್ಟೇ. ಅಲ್ಲಿ ಡಿಲೀಟ್ ಮಾಡಿದ್ರೆ ಇಲ್ಲೂ ಮಾಯ. ಅವಳ ಅಕೌಂಟಲ್ಲಿ ಆ ಆಲ್ಬಮ್ ಓಪನ್ ಮಾಡಿ ಎಲ್ಲಾ ಫೋಟೋನ ತನ್ನ ಲೈಬ್ರರಿಗೆ ಸೇವ್ ಮಾಡ್ಕೋಬೇಕು, ಆಗ ಅವಳದ್ದೇ ಸ್ವಂತ ಕಾಪಿ ಆಗುತ್ತೆ. ಆಯ್ತೋ ಇಲ್ವೋ ಅಂತ ಗೊತ್ತಾಗೋದು ಹೇಗೆ ಅಂದ್ರೆ, ಅವಳ ಅಕೌಂಟಿಂದ one.google.com/storage ತೆಗೆದು ನೋಡೋದು. ಅವಳ ಬಳಕೆ ಒಂದೆರಡು ಜಿಬಿ ಇದ್ದಿದ್ದು 36ಕ್ಕೆ ಏರಿತ್ತು, ಅಂದ್ರೆ ಸುಮಾರು 34 ಜಿಬಿ ನಿಜವಾಗ್ಲೂ ಆ ಕಡೆ ಬಂದಿದೆ ಅಂತ. ಸಂಖ್ಯೆ ಅಲ್ಲಾಡಿಲ್ಲ ಅಂದ್ರೆ ಸೇವ್ ಆಗಿಲ್ಲ.

ಈಗ ಒಂದೇ ಫೋಟೋ ಎರಡು ಕಡೆ ಕೂತಿದೆ, ಎರಡು ಕಡೆನೂ ಲೆಕ್ಕಕ್ಕೆ ಬರುತ್ತೆ. ಅವಳದ್ದು 34, ನನ್ನದು 40ರ ಹತ್ರ, ಎರಡನ್ನೂ ಒಟ್ಟಿಗೆ ಕಾಪಿ ಮಾಡಿದ್ರೆ 128ರ ಮೇಲೆ ಇನ್ನೂ 74. ಎಲ್ಲರ 15 ಜಿಬಿ ಲೆಕ್ಕಕ್ಕೆ ತಗೊಂಡ್ರೆ ಹಿಡಿಸ್ತಿತ್ತು, ಆದ್ರೆ ಹೆಚ್ಚು ಜಾಗ ಉಳೀತಿರ್ಲಿಲ್ಲ. ಜಾಗ ತುಂಬಿದ್ರೆ ಬರೀ ಬ್ಯಾಕಪ್ ಅಲ್ಲ, ಲಿಮಿಟ್ ದಾಟಿದವ್ರಿಗೆ ಜಿಮೇಲಲ್ಲಿ ಮೇಲ್ ಬರೋದೂ ಹೋಗೋದೂ ನಿಂತೋಗುತ್ತೆ. ಅದಕ್ಕೆ ಒಬ್ಬೊಬ್ಬರದ್ದಾಗಿ ಮಾಡಿದ್ವಿ, ಮೊದಲು ಮಗಳದ್ದು ಪೂರ್ತಿ ಮುಗಿಸಿ, ಅಪ್ಪನ ಅಕೌಂಟಿಂದ ಅಳಿಸಿ, ಆಮೇಲೆ ನಂದು.

ಅಳಿಸೋದ್ರಲ್ಲಿ ನಾನು ಎಡವಿದೆ. ಪರೀಕ್ಷೆ ಮಾಡೋಣ ಅಂತ ನನ್ನ ಫೋನಲ್ಲೇ, ಇನ್ನೂ ನಮ್ಮನೆಯವ್ರ ಅಕೌಂಟ್ ಲಾಗಿನ್ ಇದ್ದಾಗಲೇ, ಫೋಟೋಸ್ ಆಪಿಂದ ನನ್ನ ಒಂದು ಮುನ್ನೂರು ಫೋಟೋ ಡಿಲೀಟ್ ಮಾಡ್ದೆ. ಏನೋ ಕೇಳ್ತು, ಅಲೋ ಒತ್ತಿದೆ. ನೋಡಿದ್ರೆ ಫೋನಿನ ಗ್ಯಾಲರಿಯಿಂದಲೂ ಹೋಗಿತ್ತು, ಯಾಕಂದ್ರೆ ಆ ಆಪಿಗೆ ಕ್ಲೌಡಲ್ಲಿರೋ ಕಾಪಿ, ಫೋನಲ್ಲಿರೋ ಕಾಪಿ ಎರಡೂ ಒಂದೇ. ಎದೆ ಧಸಕ್ ಅಂತು. ಬ್ಯಾಕಪ್ ಆಗಿರೋ ಫೋಟೋ 60 ದಿನ ಟ್ರ್ಯಾಶಲ್ಲಿ ಇರುತ್ತೆ, ಹಾಗಾಗಿ ವಾಪಸ್ ತಂದೆ. ಆಮೇಲೆ ಸರಿಯಾದ ಕ್ರಮ ಇದು ಅಂತ ಗೊತ್ತಾಯ್ತು: ಮೊದಲು ಫೋಟೋಸ್ ಆಪಲ್ಲಿ ಬ್ಯಾಕಪ್ ಅಕೌಂಟನ್ನ ನಮ್ಮದಕ್ಕೆ ಬದಲಾಯಿಸ್ಬೇಕು, ಆಮೇಲೆ ಫೋನ್ ಸೆಟ್ಟಿಂಗ್ಸಿಂದ ಹಳೇ ಅಕೌಂಟನ್ನೇ ತೆಗೆದುಹಾಕ್ಬೇಕು (ಇದರಿಂದ ಫೋನಲ್ಲಿರೋ ಫೋಟೋ ಹೋಗಲ್ಲ), ಎಲ್ಲಾ ಆದ್ಮೇಲೆ ಕಂಪ್ಯೂಟರಲ್ಲಿ ಹಳೇ ಅಕೌಂಟಿಗೆ ಲಾಗಿನ್ ಆಗಿ ಅಲ್ಲಿರೋ ಫೋಟೋ ಅಳಿಸ್ಬೇಕು. ಮಗಳದ್ದು ಅಳಿಸಿ ಒಂದು ವಾರ ಬಿಟ್ಟು, ಅವಳು ಎಲ್ಲಾ ಇದೆ ಅಂದ್ಮೇಲೆ ಟ್ರ್ಯಾಶ್ ಖಾಲಿ ಮಾಡಿದ್ವಿ, ಆಗ ಜಾಗ ವಾಪಸ್ ಬಂತು, ಆಮೇಲೆ ನನ್ನ ಸರದಿ.

ಈಗ ಆ ಡೂಪ್ಲಿಕೇಟ್ ಕೀ ವಿಷ್ಯ. ಮಗಳ ಅಕೌಂಟ್ ಸೆಕ್ಯೂರಿಟಿ ಪೇಜ್ ನೋಡ್ತಾ ಇದ್ರೆ ರಿಕವರಿ ಫೋನ್ ನಂಬರ್ ಅಂತ ಅವಳಪ್ಪಂದೇ ಇತ್ತು. ಅಂದ್ರೆ ಅವ್ರು ಬೇಕಂದ್ರೆ "ಪಾಸ್‌ವರ್ಡ್ ಮರೆತೆ" ಅಂತ ಒತ್ತಿ ಕೋಡ್ ತರಿಸ್ಕೊಂಡು ಒಳಗೆ ಹೋಗೋ ದಾರಿ ಇತ್ತು. ಅವ್ರು ಹೋಗಲ್ಲ ಬಿಡಿ, ಅವ್ರಿಗೆ ತಮ್ಮ ಪಾಸ್‌ವರ್ಡೇ ನೆನಪಿರಲ್ಲ, ಆದ್ರೆ ಬೀಗ ಅಂದ್ಮೇಲೆ ಬೀಗ. ಅವಳದ್ದೇ ನಂಬರ್ ಹಾಕಿ, ಪಾಸ್‌ವರ್ಡ್ ಬದಲಾಯಿಸಿ, ಪಾಸ್‌ವರ್ಡ್ ಆದ್ಮೇಲೆ ಇನ್ನೊಂದು ಸಲ ಖಚಿತ ಮಾಡ್ಕೊಳ್ಳೋ ಟೂ ಸ್ಟೆಪ್ ಆನ್ ಮಾಡಿ, ಅದೇ ಪೇಜಲ್ಲಿ ಎಲ್ಲೆಲ್ಲಿ ಲಾಗಿನ್ ಆಗಿದೆ ಅನ್ನೋ ಪಟ್ಟಿಯಿಂದ ಹಳೇ ಟ್ಯಾಬನ್ನ ಹೊರಗೆ ಹಾಕಿದ್ವಿ. ನಮ್ಮನೆಯವ್ರ ಪಾಸ್‌ವರ್ಡೂ ಬದಲಾಯಿಸಿದ್ವಿ, ಇಲ್ದಿದ್ರೆ ಅದು ಮಕ್ಕಳಿಬ್ರಿಗೂ ಬಾಯಿಪಾಠ. ಲ್ಯಾಪ್‌ಟಾಪಲ್ಲಿ ಕ್ರೋಮ್ ಪ್ರೊಫೈಲ್ ಬೇರೆ ಬೇರೆ ಮಾಡಿದ್ರೆ ಸಾಕು ಅಂದ್ಕೊಂಡಿದ್ದೆ, ಸಾಕಾಗಲ್ಲ, ಪ್ರೊಫೈಲಿಗೆ ಬೀಗ ಇಲ್ಲ, ಯಾರು ಕ್ಲಿಕ್ ಮಾಡಿದ್ರೂ ತೆರೆದುಕೊಳ್ಳುತ್ತೆ. ಲ್ಯಾಪ್‌ಟಾಪಿಗೇ ಪಾಸ್‌ವರ್ಡ್ ಇರೋ ನಾಲ್ಕು ಯೂಸರ್ ಮಾಡಿದೆ.

ಫೈಲ್ ಇಡೋ ಗೂಗಲ್ ಡ್ರೈವಲ್ಲಿ ಜಾಸ್ತಿ ಕಷ್ಟ ಆಗ್ಲಿಲ್ಲ. "ಮನೆ" ಅಂತ ಒಂದೇ ಫೋಲ್ಡರ್ ಎಲ್ಲರಿಗೂ, ಅದರಲ್ಲಿ ಬಿಲ್ಲು, ವಾರಂಟಿ, ಎಲ್ಲರಿಗೂ ಬೇಕಾಗೋ ಕಾಗದ. ನಾವಿಬ್ರು ಎಡಿಟರ್, ಮಕ್ಕಳು ವ್ಯೂವರ್. ಉಳಿದಿದ್ದು ಅವರವರ ಮೈ ಡ್ರೈವಲ್ಲಿ, ಅದಕ್ಕೆ ಏನೂ ಮಾಡೋದೇ ಬೇಡ, ಶೇರ್ ಮಾಡಿಲ್ಲ ಅಂದ್ರೆ ಪ್ರೈವೇಟೇ. ಒಂದೇ ಕಡೆ ಹುಷಾರಿರ್ಬೇಕು, ಶೇರ್ ಆಗಿರೋ ಫೋಲ್ಡರ್ ಒಳಗೆ ಏನು ಹಾಕಿದ್ರೂ ಅದೂ ಶೇರ್ ಆಗುತ್ತೆ. ನಮ್ಮನೆಯವ್ರು ತಮ್ಮ ಬ್ಲಡ್ ಟೆಸ್ಟ್ ರಿಪೋರ್ಟನ್ನ ನನಗೆ ತೋರಿಸ್ಬೇಕು ಅಂತ "ಮನೆ" ಒಳಗೇ ಹಾಕಿದ್ರು, ಸಂಜೆ ಮಗ ಬಂದು "ಅಪ್ಪಾ, ಕೊಲೆಸ್ಟ್ರಾಲ್ ಅಂದ್ರೆ ಏನು?" ಅಂತ ಕೇಳ್ದ. ಈಗ ನಮ್ಮಿಬ್ಬರಿಗೇ ಅಂತ ಇನ್ನೊಂದು ಫೋಲ್ಡರ್ ಇದೆ, "ಮನೆ" ಒಳಗಲ್ಲ, ಹೊರಗೆ. ನಾನು ಚೆಕ್ ಮಾಡೋದು ಹೀಗೆ, ಮಗನ ಲಾಗಿನಲ್ಲಿ ಅವನನ್ನೇ ಕೂರಿಸ್ಕೊಂಡು ಡ್ರೈವಿನ ಸರ್ಚಲ್ಲಿ ನಮ್ಮ ಫೈಲ್ ಹೆಸರು ಟೈಪ್ ಮಾಡಿಸ್ತೀನಿ, ಬರ್ಲಿಲ್ಲ ಅಂದ್ರೆ ಸರಿ ಇದೆ.

ಒಂದು ಉಳಿದಿರೋ ತಲೆನೋವು ಅಂದ್ರೆ ಒಬ್ಬರಿಗೆ ಇಷ್ಟೇ ಜಿಬಿ ಅಂತ ಮಿತಿ ಹಾಕೋ ಆಪ್ಷನ್ ಇಲ್ಲ. ಹೋದ ತಿಂಗಳು ಮ್ಯಾನೇಜರ್ ಪೇಜಲ್ಲಿ ಮಗನ ಹೆಸರಿನ ಮುಂದೆ ಇದ್ದಕ್ಕಿದ್ದಂತೆ 29 ಜಿಬಿ. ಒಳಗೆ ಏನಿದೆ ಅಂತ ನಮಗೆ ಕಾಣಲ್ವಲ್ಲ, ಅವನನ್ನೇ ಕೇಳಿದ್ವಿ. ಗೇಮ್ ಆಡೋದನ್ನ ದಿನಾ ಸ್ಕ್ರೀನ್ ರೆಕಾರ್ಡ್ ಮಾಡಿ ಎಲ್ಲಾ ಬ್ಯಾಕಪ್ಪಿಗೆ ಬಿಟ್ಟಿದ್ದ. ಸ್ಕ್ರೀನ್ ರೆಕಾರ್ಡಿಂಗ್ ಫೋಲ್ಡರಿನ ಬ್ಯಾಕಪ್ ಆಫ್ ಮಾಡಿ, ಇರೋದ್ರಲ್ಲಿ ಐದು ಇಟ್ಕೊಂಡು ಮಿಕ್ಕಿದ್ದು ಅಳಿಸೋ ಅಂದ್ವಿ. ಎಂಟು ಇಟ್ಕೊಂಡಿದ್ದಾನೆ.